ಕಾರಣ ಹೇಳಬೇಕಾದವರು ಯಾರು?

ದೆಹಲಿಯಲ್ಲಿ ‘ಶಿಕ್ಷಾ ಮಂತ್ರಾಲಯ’ ಎಂಬ ಫಲಕ ಕಂಡು ಕನ್ನಡಿಗರು ಒಂದು ಕ್ಷಣ ನಕ್ಕಿರುತ್ತಾರೆ. ಸಂಸ್ಕೃತದಲ್ಲಿ ಕಲಿಕೆಯೆಂಬ ಅರ್ಥದ ಪದ ಕನ್ನಡದಲ್ಲೂ ಮರಾಠಿಯಲ್ಲೂ ದಂಡನೆಯಾಯಿತು. ‘ಬುದ್ಧಿ ಕಲಿಸುತ್ತೇನೆ’ ಎಂದು ನಾವು ಗದರುವಾಗಲೂ ಆ ಎರಡರ್ಥಗಳು ಒಟ್ಟಿಗೇ ಇರುತ್ತವೆ. ಆದರೆ ದಂಡನೆ ಏತಕ್ಕೆ ಎಂದು ಕೇಳಿದರೆ ಕಲಿಕೆಯೊಂದೇ ಉತ್ತರವಲ್ಲ. ಮಾಡಿದ ತಪ್ಪಿನ ತೂಕಕ್ಕೆ ತಕ್ಕದ್ದು ಸಿಗಬೇಕು ಎನ್ನುವುದು ಪ್ರತೀಕಾರ ಸಿದ್ಧಾಂತ. ನೋಡಿದವರು ಅಂಜಲಿ ಎನ್ನುವುದು ಇನ್ನೊಂದು, ಅಪರಾಧಿಯೇ ತಿದ್ದಿಕೊಳ್ಳಲಿ ಎನ್ನುವುದು ಮತ್ತೊಂದು. ಮೊದಲನೆಯದು ಹಿಂದಕ್ಕೆ ನೋಡುತ್ತದೆ, ಉಳಿದೆರಡು ಮುಂದಕ್ಕೆ. ನಮ್ಮ ನ್ಯಾಯಾಲಯಗಳಲ್ಲಿ ಈ ಮೂರರ ಜಗಳ ನಡೆದದ್ದು ಹೆಚ್ಚಾಗಿ ಕಾನೂನಿನ ಒಂದೇ ಒಂದು ವಾಕ್ಯದ ಸುತ್ತ.

1898ರ ದಂಡ ಪ್ರಕ್ರಿಯಾ ಸಂಹಿತೆಯ 367ನೇ ಕಲಮಿನಲ್ಲಿ ಒಂದು ಷರತ್ತಿತ್ತು. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ನ್ಯಾಯಾಧೀಶರು ಬೇರೆ ಶಿಕ್ಷೆ ಕೊಟ್ಟರೆ, ಗಲ್ಲು ಯಾಕೆ ಕೊಡಲಿಲ್ಲ ಎಂಬುದನ್ನು ತೀರ್ಪಿನಲ್ಲಿ ಬರೆಯಬೇಕು. ಅಂದರೆ ಕೊಲೆಗೆ ಗಲ್ಲೇ ರೂಢಿ, ಜೀವ ಉಳಿಸುವುದಕ್ಕೆ ಸಮಜಾಯಿಷಿ ಬೇಕು. 1955ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. 1973ರ ಹೊಸ ಸಂಹಿತೆ ಅದನ್ನು ತಲೆಕೆಳಗು ಮಾಡಿತು: 354(3)ರ ಪ್ರಕಾರ ಗಲ್ಲು ವಿಧಿಸಲು ‘ವಿಶೇಷ ಕಾರಣ’ ಬರೆಯಬೇಕು. ಜೊತೆಗೆ 235(2)ರಲ್ಲಿ, ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಬಗ್ಗೆಯೇ ಆರೋಪಿಯ ಮಾತು ಕೇಳಬೇಕೆಂದೂ ಸೇರಿಸಿತು. ಮನುಷ್ಯ ತಿದ್ದಿಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ ವಿಚಾರಣೆಯಲ್ಲಿ ಹೀಗೆ ಜಾಗ ಸಿಕ್ಕಿತು.

ಹೊಸ ಸಂಹಿತೆ ಜಾರಿಗೆ ಬರುವ ಕೆಲವೇ ವಾರ ಮೊದಲು, 1974ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಆಂಧ್ರದ ಈಡಿಗ ಅನಮ್ಮ ಪ್ರಕರಣ ಬಂತು. ಇಪ್ಪತ್ನಾಲ್ಕರ ಹೆಣ್ಣುಮಗಳು. ತನ್ನ ಪ್ರಿಯಕರನಿಗೆ ಹತ್ತಿರವಾಗಿದ್ದ ಇನ್ನೊಬ್ಬಳನ್ನೂ ಆಕೆಯ ಮಗುವನ್ನೂ ಕೊಂದಿದ್ದಳು. ತೂಕವಷ್ಟೇ ನೋಡಿದರೆ ಇದಕ್ಕಿಂತ ಭಾರದ ಅಪರಾಧ ಹುಡುಕುವುದು ಕಷ್ಟ. ಕೃಷ್ಣ ಅಯ್ಯರ್ ಮತ್ತು ಸರ್ಕಾರಿಯಾ ಅವರ ಪೀಠ ಅಪರಾಧದ ಘೋರತೆಯನ್ನು ಸ್ವಲ್ಪವೂ ಕಡಿಮೆ ಮಾಡಿ ಹೇಳಲಿಲ್ಲ. ಆದರೆ ಆಕೆಯ ವಯಸ್ಸು, ಗಂಡನ ಮನೆಯಿಂದ ಹೊರದಬ್ಬಿಸಿಕೊಂಡದ್ದು, ಅವಳಿಗೊಬ್ಬ ಪುಟ್ಟ ಮಗನಿರುವುದು, ಎರಡು ವರ್ಷಕ್ಕೂ ಮಿಕ್ಕಿ ನೇಣಿನ ಭಯದಲ್ಲಿ ಸೆರೆಕೋಣೆಯಲ್ಲಿ ಕಳೆದದ್ದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಲ್ಲನ್ನು ಜೀವಾವಧಿಗೆ ಇಳಿಸಿತು. ಇಷ್ಟೆಲ್ಲ ವಿವರ ಅವರಿಗೆ ಸಿಕ್ಕಿದ್ದು ಕಡತದ ಅಂಚಿನಲ್ಲಿ. ಇವನ್ನು ಕಲೆಹಾಕುವ ಕ್ರಮಬದ್ಧ ವ್ಯವಸ್ಥೆ ಆಗ ಇರಲೇ ಇಲ್ಲ.

1980ರ ಬಚ್ಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ನಾಲ್ಕಕ್ಕೆ ಒಂದರ ಬಹುಮತದಿಂದ ಎತ್ತಿಹಿಡಿಯಿತು. ಭಗವತಿ ಅವರದ್ದು ಭಿನ್ನಮತ. ಬಹುಮತದ ತೀರ್ಪು ಬರೆದವರು ಅದೇ ಸರ್ಕಾರಿಯಾ. ಗಲ್ಲಿಗೆ ಅಂಜಿ ಕೊಲೆಗಳು ಕಡಿಮೆಯಾಗುತ್ತವೆಯೇ ಎಂಬುದು ಅಂಕಿಅಂಶದಿಂದ ಹೀಗೂ ಹಾಗೂ ತೀರ್ಮಾನವಾಗುವ ವಿಷಯವಲ್ಲ ಎಂದು ಒಪ್ಪಿಕೊಂಡ ಪೀಠ, ವಿವೇಕಿಗಳೇ ಈ ಬಗ್ಗೆ ಒಮ್ಮತಕ್ಕೆ ಬಂದಿಲ್ಲವೆಂದ ಮೇಲೆ ಇದನ್ನು ಅತಾರ್ಕಿಕ ಎನ್ನಲಾಗದು ಎಂದಿತು. ನನಗೆ ಇದು ತೀರ್ಪಿನ ದುರ್ಬಲ ಭಾಗವೆನಿಸುತ್ತದೆ: ಹಿಂತಿರುಗಿ ಪಡೆಯಲಾಗದ ಶಿಕ್ಷೆಗೆ ಅನುಮಾನದ ಲಾಭ ಕೊಟ್ಟಂತಾಯಿತು.

‘ಅಪರೂಪದಲ್ಲಿ ಅಪರೂಪ’ ಎಂಬ ಮಾತು ಹುಟ್ಟಿದ್ದು ಈ ತೀರ್ಪಿನಲ್ಲಿ. ಜನರ ಬಾಯಲ್ಲಿ ಉಳಿದದ್ದೂ ಅದೊಂದೇ. ಹೆಚ್ಚು ಮುಖ್ಯವಾದ ಇನ್ನೊಂದು ವಾಕ್ಯ ಅದೇ ತೀರ್ಪಿನಲ್ಲಿದೆ. ಅಪರಾಧಿ ಸುಧಾರಿಸುವ ಸಂಭವವಿದೆಯೇ, ಮುಂದೆ ಸಮಾಜಕ್ಕೆ ಅಪಾಯವಾಗದೆ ಇರುವನೇ ಎಂಬುದನ್ನು ತೂಗಬೇಕು, ಮತ್ತು ಹಾಗಾಗುವ ಸಂಭವವಿಲ್ಲ ಎಂದು ಸಾಕ್ಷ್ಯದ ಮೂಲಕ ತೋರಿಸಬೇಕಾದ್ದು ಸರ್ಕಾರ. ಅಂದರೆ ‘ನಾನು ಒಳ್ಳೆಯವನಾಗುತ್ತೇನೆ’ ಎಂದು ಕೈದಿ ಬೇಡಿಕೊಳ್ಳಬೇಕಿಲ್ಲ.

ಮೂರು ವರ್ಷದಲ್ಲಿ ತಕ್ಕಡಿ ಮತ್ತೆ ವಾಲಿತು. ಪಂಜಾಬಿನಲ್ಲಿ ಹಗೆತನದಿಂದ ಒಂದೇ ರಾತ್ರಿ ಐದು ಹಳ್ಳಿಗಳಲ್ಲಿ ಹದಿನೇಳು ಜನರನ್ನು ಕೊಂದ ಮಚ್ಚಿ ಸಿಂಗ್ ಪ್ರಕರಣದಲ್ಲಿ, 1983ರಲ್ಲಿ, ಕೋರ್ಟು ಗಲ್ಲಿಗೆ ತಕ್ಕ ಐದು ವರ್ಗಗಳನ್ನು ಹೆಸರಿಸಿತು: ಕೊಂದ ರೀತಿ, ಉದ್ದೇಶ, ಸಮಾಜದ್ರೋಹಿ ಸ್ವರೂಪ, ಸತ್ತವರ ಸಂಖ್ಯೆ, ಸತ್ತವರು ಯಾರು ಎಂಬುದು. ಐದೂ ಅಪರಾಧದ ಬಗ್ಗೆ, ಒಂದೂ ಅಪರಾಧಿಯ ಬಗ್ಗೆ ಅಲ್ಲ. ಪರಿಹಾರಕ ಸಂಗತಿಗಳನ್ನೂ ತೂಗಬೇಕೆಂದು ಅದೇ ತೀರ್ಪು ಹೇಳಿದ್ದರೂ, ಮುಂದಿನ ಎಷ್ಟೋ ತೀರ್ಪುಗಳು ಹಿಡಿದುಕೊಂಡದ್ದು ಈ ಪಟ್ಟಿಯನ್ನು ಮತ್ತು ‘ಸಮಾಜದ ಸಾಮೂಹಿಕ ಆತ್ಮಸಾಕ್ಷಿ’ ಎಂಬ ಮಾತನ್ನು. ಪ್ರತೀಕಾರ ಹಿಂಬಾಗಿಲಿನಿಂದ ಒಳಬಂತು. ಶಿಕ್ಷೆಯ ವಿಚಾರಣೆಯೋ, ಹಲವೆಡೆ ಅಪರಾಧ ಸಾಬೀತಾದ ದಿನವೇ ಮುಗಿಯುತ್ತಿತ್ತು. ಬಡವ, ಚಿಕ್ಕ ಮಕ್ಕಳಿದ್ದಾರೆ ಎಂದು ವಕೀಲರು ಎರಡು ಮಾತು ಹೇಳಿ ಕೂತರೆ ಅಲ್ಲಿಗೆ ಆಯಿತು.

2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಹಳೆಯ ವಾಕ್ಯವನ್ನು ಹುಡುಕಿ ತೆಗೆಯಿತು. ಆರೋಪಿಯ ಮನಸ್ಥಿತಿಯ ವರದಿ, ಬಾಲ್ಯ, ಓದು, ಆದಾಯ, ಕುಟುಂಬದ ವಿವರಗಳನ್ನು ಸರ್ಕಾರ ವಿಚಾರಣಾ ಹಂತದಲ್ಲೇ ಒದಗಿಸಬೇಕು; ಜೈಲಿನಲ್ಲಿನ ನಡತೆ ಮತ್ತು ಕೆಲಸದ ವರದಿಯನ್ನೂ ತರಿಸಬೇಕು ಎಂದಿತು. ಇಂದೋರಿನಲ್ಲಿ ಒಂದೇ ಮನೆಯ ಮೂವರು ಹೆಂಗಸರ ಕೊಲೆಗೆ ಗಲ್ಲಾಗಿದ್ದ ಮೂವರ ಶಿಕ್ಷೆ, ಕನಿಷ್ಠ 25 ವರ್ಷ ಸೆರೆಯ ಜೀವಾವಧಿಯಾಯಿತು. ಇಂಥ ವರದಿಗಳಿಗೂ ಮಿತಿಯಿದೆ. ಸೆರೆಯೊಳಗೆ ಶಿಸ್ತಿನಿಂದಿದ್ದವನು ಹೊರಗೂ ಹಾಗೇ ಇರುವನೆಂದು ಅವು ಹೇಳಲಾರವು. ಓದು, ಕೆಲಸ ಏನೂ ಇಲ್ಲದ ಜೈಲಿನಲ್ಲಿ ಸುಧಾರಣೆಗೆ ಪುರಾವೆಯೇ ಹುಟ್ಟುವುದಿಲ್ಲ, ಆ ಖಾಲಿ ಹಾಳೆ ಕೈದಿಯ ವಿರುದ್ಧವೇ ಓದಿಕೊಳ್ಳುವ ಅಪಾಯವೂ ಇದೆ.

2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ವಿಶೇಷ ಕಾರಣ’ದ ನಿಯಮ 393(3) ಆಗಿ ಉಳಿದಿದೆ. ಆ ಕಾರಣದೊಳಗೆ ಏನಿರಬೇಕು ಎಂಬುದನ್ನು ಕಲಮು ಈಗಲೂ ಹೇಳುವುದಿಲ್ಲ.