ಮಗ ಸಹಿ ಹಾಕಿದರೆ ಅಪ್ಪಯ್ಯನ ಬೆರಳು ಕತ್ತರಿಸಬಹುದೇ?

ಒಂದು ಕಲ್ಪಿತ ಪ್ರಕರಣ. ಗಂಗೊಳ್ಳಿಯ 58ರ ಮೀನುಗಾರ, ಹಳೆಯ ಸಕ್ಕರೆ ಕಾಯಿಲೆಯವರು, ಹೆಬ್ಬೆರಳು ಕಪ್ಪಾಗಿ ಕುಂದಾಪುರದ ಆಸ್ಪತ್ರೆಗೆ ಬರುತ್ತಾರೆ. ಬೆರಳು ತೆಗೆಯಬೇಕು, ಇಲ್ಲದಿದ್ದರೆ ಸೋಂಕು ಕಾಲಿಗೆ ಏರುತ್ತದೆ ಅಂತ ಡಾಕ್ಟರ್ ಹೇಳುತ್ತಾರೆ. "ಬೆರಳ್ ಹ್ವಾದ್ರೆ ದೋಣಿ ಮೇಲ್ ನಿಂತ್ಕಂಬುದ್ ಹ್ಯಾಂಗೆ? ಬ್ಯಾಡ" ಅಂತಾರೆ ಅವರು. ಹೊರಗೆ ಮಗ ಡಾಕ್ಟರ ಕೈ ಹಿಡಿಯುತ್ತಾನೆ: "ನೀವ್ ಮಾಡಿ ಡಾಕ್ಟ್ರೇ, ನಾನ್ ಸೈ ಹಾಕ್ತೆ."

ಆ ಸಹಿಗೆ ಬೆಲೆಯಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇದನ್ನು ಹೇಳಿದೆ. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ 44ರ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ವೈದ್ಯರು ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ತಾತ್ಕಾಲಿಕವಾಗಿ ಪ್ರಜ್ಞೆಯಿಲ್ಲದ ವಯಸ್ಕ ರೋಗಿಯ ಪರವಾಗಿ ತಾಯಿ ಒಪ್ಪಲಾಗದು, ಜೀವಕ್ಕೆ ತುರ್ತು ಇಲ್ಲದಿದ್ದರೆ ಎಚ್ಚರವಾಗುವ ತನಕ ಕಾಯಬೇಕಿತ್ತು ಎಂದಿತು ಕೋರ್ಟ್. ಅಮ್ಮನಿಗೇ ಇಲ್ಲದ ಅಧಿಕಾರ, ಎಚ್ಚರವಿರುವ ಅಪ್ಪನ ಎದುರು ಮಗನಿಗೆ ಎಲ್ಲಿಂದ ಬರುತ್ತದೆ?

ಹಾಗಂತ "ಬ್ಯಾಡ" ಅಂದ ಕೂಡಲೇ ಫಾರ್ಮ್‌ಗೆ ಸಹಿ ಹಾಕಿಸಿ ಮನೆಗೆ ಕಳಿಸುವುದೂ ಸರಿಯಲ್ಲ. ಅದೇ ತೀರ್ಪಿನ ಪ್ರಕಾರ ಚಿಕಿತ್ಸೆ ಬೇಡ ಎಂದರೆ ಏನಾಗುತ್ತದೆ ಎನ್ನುವುದನ್ನೂ, ಬೇರೆ ದಾರಿಗಳನ್ನೂ ರೋಗಿಗೆ ತಿಳಿಸಬೇಕು. ಅವರಿಗೆ ಅರ್ಥವಾಯಿತೇ ಎಂದು ತಿಳಿಯಲು ಸುಲಭ ಉಪಾಯ, ಅವರ ಬಾಯಲ್ಲೇ ಹೇಳಿಸುವುದು: "ಬೆರಳು ಬಿಟ್ರೆ ಎಂತ ಆತ್ತ್?" ಅಪಾಯ ಸರಿಯಾಗಿ ಹೇಳಿ, ಆದರೂ ಬೇಡ ಅಂದರೆ ಅದು ತೂಗಿ ನೋಡಿದ ನಿರ್ಧಾರ. ವೈದ್ಯರ ಸಲಹೆ ಒಪ್ಪಲಿಲ್ಲ ಅನ್ನುವುದೇ ಬುದ್ಧಿ ಸರಿಯಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಡ್ರೆಸ್ಸಿಂಗ್, ಆಂಟಿಬಯೋಟಿಕ್, ಇನ್ಸುಲಿನ್ ಅವರಿಗೆ ಒಪ್ಪಿಗೆಯಿದ್ದರೆ ಅವು ಮುಂದುವರಿಯಬೇಕು. ಒಂದನ್ನು ನಿರಾಕರಿಸಿದವರು ಎಲ್ಲವನ್ನೂ ನಿರಾಕರಿಸಿದ ಹಾಗಲ್ಲ.

ಅಷ್ಟರಲ್ಲಿ ಬೋಟ್ ಮಾಲೀಕರ ಫೋನ್: "ಅವ ಸೀಸನ್ನಿಗ್ ಬತ್ನಾ?" ಮುಂಗಡ ಕೊಟ್ಟಿರಬಹುದು, ಕಾಳಜಿಯೂ ಇರಬಹುದು. ಆದರೆ ವೈದ್ಯರ 2002ರ ವೃತ್ತಿ ನಿಯಮಾವಳಿ ಗುಟ್ಟು ಬಿಟ್ಟುಕೊಡಲು ಇಡುವ ಬಾಗಿಲುಗಳು ಕಡಿಮೆ: ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ವರದಿ ಮಾಡಲೇಬೇಕಾದ ರೋಗ. ಕೊಳೆತ ಬೆರಳು ಯಾವುದರಲ್ಲೂ ಬರುವುದಿಲ್ಲ. ಮಗನಿಗೆ ಎಷ್ಟು ಹೇಳಬೇಕೆಂಬುದನ್ನೂ ಅಪ್ಪನೇ ಹೇಳಬೇಕು. ಊರೆಲ್ಲ ಪರಿಚಯವಿರುವ ನಮ್ಮ ಕಡೆ ಹೆಚ್ಚು ಮುರಿಯುವ ನಿಯಮ ಇದೇ ಅಂತ ನನ್ನ ಅನಿಸಿಕೆ.

ನಿಜವಾದ ಕಗ್ಗಂಟು ನಾಲ್ಕು ದಿನ ಬಿಟ್ಟು ಬರುತ್ತದೆ. ಜ್ವರ ಏರಿ, ಮಾತು ತೊದಲಿ, ಮಗನ ಗುರುತೂ ಸಿಗದ ಸ್ಥಿತಿಯಲ್ಲಿ ಅವರನ್ನು ಮತ್ತೆ ತರುತ್ತಾರೆ. ಈಗ ನಿರ್ಧರಿಸುವ ಶಕ್ತಿ ಅವರಲ್ಲಿಲ್ಲ. ಜೀವ ಉಳಿಸುವ ತುರ್ತಿನಲ್ಲಿ ಒಪ್ಪಿಗೆಗೆ ಕಾಯಬೇಕಿಲ್ಲ, ಸರಿ. ಆದರೆ ಮೊನ್ನೆಯ "ಬ್ಯಾಡ" ಎಲ್ಲಿ ಹೋಯಿತು? ಅವರು ಬೇಡ ಅಂದದ್ದು ಬೆರಳು ಉಳಿಸಿಕೊಳ್ಳಲೋ, ಪ್ರಾಣ ಹೋದರೂ ಸರಿ ಎಂದೋ? ಮಗನನ್ನು ಕೇಳಬೇಕಾದದ್ದು "ನಿಂಗ್ ಎಂತ ಬೇಕ್" ಅಂತಲ್ಲ, "ಅಪ್ಪಯ್ಯ ಈಗ ಎಂತ ಹೇಳ್ತಿದ್ರ್" ಅಂತ. ಅದಕ್ಕೇ ಮೊದಲ ದಿನವೇ ಇನ್ನೊಂದು ಪ್ರಶ್ನೆ ಕೇಳಿ ಕೇಸ್ ಶೀಟಿನಲ್ಲಿ ಅವರದೇ ಮಾತಲ್ಲಿ ಬರೆದಿಡಬೇಕು: "ಜೀವಕ್ಕೇ ಬಂದ್ರೆ ಆಗ್ಳಿಕೂ ಬ್ಯಾಡವಾ?"