ಹಸಿರು ಕಟ್ಟಡ ಪ್ರಮಾಣೀಕರಣ: ಕಚೇರಿ ಕಟ್ಟಡದ ವಿವರಣಾ ಟಿಪ್ಪಣಿಯಲ್ಲಿ ಇಂಧನ, ನೀರು ಮತ್ತು ಸಾಮಗ್ರಿ ಅಂಕಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ (2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಯನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ) ಕಚೇರಿ ಕಟ್ಟಡ ನಿರ್ಮಿಸುವವರು ಗೃಹ, ಲೀಡ್ ಅಥವಾ ಭಾರತೀಯ ಹಸಿರು ಕಟ್ಟಡ ಮಂಡಳಿಯ ಪದ್ಧತಿಯಡಿ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ಪ್ರತಿ ಅಂಕಕ್ಕೂ ಒಂದು ವಿವರಣಾ ಟಿಪ್ಪಣಿಯನ್ನು ಲಗತ್ತಿಸತಕ್ಕದ್ದು. ಅಂಕವನ್ನು ಯಾವ ಆಧಾರದ ಮೇಲೆ ಕೋರಲಾಗಿದೆ, ಲೆಕ್ಕ ಹೇಗೆ ಬಂತು, ಅದನ್ನು ಯಾವ ನಕ್ಷೆ ಅಥವಾ ಬಿಲ್ಲು ಸಮರ್ಥಿಸುತ್ತದೆ ಎಂಬುದನ್ನು ಪರಿಶೀಲಕರು ಈ ಟಿಪ್ಪಣಿಯಿಂದಲೇ ತಿಳಿಯುತ್ತಾರೆ. ಕಟ್ಟಡವನ್ನು ಹೊಗಳುವ ವಾಕ್ಯಗಳಿಗೆ ಅಂಕವಿಲ್ಲ.

ನೀರಿನ ಅಂಕಗಳು

ಹೆಚ್ಚಿನ ಆಕ್ಷೇಪಣೆಗೆ ಅವಕಾಶವಿರುವುದು ಇಲ್ಲಿಯೇ ಆದುದರಿಂದ, ಲೆಕ್ಕದ ಸಲುವಾಗಿ ರಾಮನಗರದಲ್ಲಿ 60 ಪುರುಷರು ಮತ್ತು 60 ಮಹಿಳೆಯರು ಕೆಲಸ ಮಾಡುವ, 500 ಚದರ ಮೀಟರ್ ಛಾವಣಿಯುಳ್ಳ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳೋಣ.

ಲೀಡ್ ಪದ್ಧತಿಯಲ್ಲಿ ಒಬ್ಬ ಪುರುಷ ನೌಕರರು ದಿನಕ್ಕೆ ಒಮ್ಮೆ ಶೌಚಾಲಯವನ್ನೂ ಎರಡು ಬಾರಿ ಮೂತ್ರಾಲಯವನ್ನೂ, ಮಹಿಳಾ ನೌಕರರು ಮೂರು ಬಾರಿ ಶೌಚಾಲಯವನ್ನೂ ಬಳಸುತ್ತಾರೆಂದು ಭಾವಿಸಲಾಗುತ್ತದೆ. ಹೋಲಿಕೆಯ ಮೂಲ ಪ್ರಮಾಣವು ಶೌಚಾಲಯದ ಫ್ಲಶ್‌ಗೆ 6 ಲೀಟರ್, ಮೂತ್ರಾಲಯಕ್ಕೆ 3.8 ಲೀಟರ್. ಈ ಪ್ರಕಾರ ದಿನದ ಬಳಕೆ 1,896 ಲೀಟರ್ ಆಗುತ್ತದೆ. ಕಟ್ಟಡದಲ್ಲಿ 4 ಮತ್ತು 2 ಲೀಟರ್‌ನ ಎರಡು ಗುಂಡಿಗಳ ಫ್ಲಶ್ ಹಾಗೂ 1 ಲೀಟರ್‌ನ ಮೂತ್ರಾಲಯ ಅಳವಡಿಸಿ, ಮಹಿಳೆಯರ ಮೂರು ಬಳಕೆಗಳಲ್ಲಿ ಎರಡನ್ನು ಅರ್ಧ ಫ್ಲಶ್ ಎಂದು ಎಣಿಸಿದರೆ ಬಳಕೆ 840 ಲೀಟರ್‌ಗೆ ಇಳಿಯುತ್ತದೆ. ಉಳಿತಾಯ ಸುಮಾರು ಶೇ. 56.

ಸ್ತ್ರೀ-ಪುರುಷ ಅನುಪಾತ ಹಾಗೆಯೇ ಇದ್ದು ನೌಕರರ ಸಂಖ್ಯೆಯನ್ನು ಇಮ್ಮಡಿಯಾಗಿ ತೋರಿಸಿದರೂ ಈ ಶೇಕಡಾ ಪ್ರಮಾಣ ಬದಲಾಗುವುದಿಲ್ಲ. ಆದಕಾರಣ ತಪ್ಪು ಸಂಖ್ಯೆ ಇಲ್ಲಿ ಗೋಚರಿಸದೆ, ಮಳೆನೀರಿನ ಅಂಕದಲ್ಲಿ ಬಯಲಾಗುತ್ತದೆ. ಒಂದು ಹಾಳೆಯಲ್ಲಿ 120, ಇನ್ನೊಂದರಲ್ಲಿ 80 ಎಂದಿದ್ದರೆ ಪರಿಶೀಲಕರು ಎರಡನ್ನೂ ಹಿಂದಿರುಗಿಸುವುದು ಸಹಜ.

ಮಳೆನೀರಿನ ವಿಷಯದಲ್ಲಿ ವಾರ್ಷಿಕ ಮೊತ್ತವನ್ನಷ್ಟೇ ನೋಡಬಾರದು. ವರ್ಷಕ್ಕೆ 800 ಮಿ.ಮೀ. ಮಳೆ ಮತ್ತು ಶೇ. 85ರಷ್ಟು ಸಂಗ್ರಹ ಎಂದು ಹಿಡಿದರೆ ಛಾವಣಿಯಿಂದ 3,40,000 ಲೀಟರ್ ದೊರೆಯುತ್ತದೆ. 300 ಕೆಲಸದ ದಿನಗಳ ಫ್ಲಶ್‌ಗೆ ಬೇಕಾದುದು 2,52,000 ಲೀಟರ್. ಇದನ್ನು ನೋಡಿ "ಫ್ಲಶ್‌ನ ಅಗತ್ಯವೆಲ್ಲ ಮಳೆನೀರಿನಿಂದ ಪೂರೈಕೆ" ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಈ ಭಾಗದಲ್ಲಿ ಮಳೆಯ ಹೆಚ್ಚಿನ ಪಾಲು ಮೇ ತಿಂಗಳಿನಲ್ಲಿ ಹಾಗೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುತ್ತದೆ. ಒಂದು ತಿಂಗಳಲ್ಲಿ 170 ಮಿ.ಮೀ. ಬಿದ್ದರೆ ಬರುವ ನೀರು ಸುಮಾರು 72,000 ಲೀಟರ್, ಬಳಕೆ 21,000 ಲೀಟರ್. 50,000 ಲೀಟರ್‌ನ ತೊಟ್ಟಿ ಅದೇ ತಿಂಗಳಲ್ಲಿ ತುಂಬಿ, ಮುಂದಿನದು ಇಂಗುಗುಂಡಿಗೆ ಹೋಗುತ್ತದೆ. ತುಂಬಿದ ತೊಟ್ಟಿ 59 ಕೆಲಸದ ದಿನಗಳಿಗೆ ಸಾಲುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರವೇ ಸುಮಾರು 100 ಕೆಲಸದ ದಿನಗಳಿವೆ. ಆದುದರಿಂದ ತಿಂಗಳುವಾರು ಜಮಾ-ಖರ್ಚಿನ ತಖ್ತೆಯನ್ನು ಲಗತ್ತಿಸಿ, ತೊಟ್ಟಿಯಿಂದ ವಾಸ್ತವವಾಗಿ ಒದಗುವ ಪ್ರಮಾಣವನ್ನಷ್ಟೇ ಕೋರುವುದು ಸೂಕ್ತ. ಇಂಗಿಸಿದ ನೀರನ್ನು ಬಳಕೆಯ ಲೆಕ್ಕಕ್ಕೆ ಸೇರಿಸಬಾರದು.

ಇಂಧನ ಅಂಕಗಳು

ನಿರ್ಮಿಸಲಿರುವ ಕಟ್ಟಡವನ್ನು ಸಂಹಿತೆಯ ಕನಿಷ್ಠ ಮಟ್ಟದಲ್ಲಿರುವ ಅದೇ ಅಳತೆಯ ಕಾಲ್ಪನಿಕ ಕಟ್ಟಡದೊಂದಿಗೆ ಗಣಕಯಂತ್ರದ ಮಾದರಿಯಲ್ಲಿ ಹೋಲಿಸಲಾಗುತ್ತದೆ. ಎರಡರಲ್ಲಿಯೂ ಕಚೇರಿಯ ವೇಳೆ, ನೌಕರರ ಸಂಖ್ಯೆ ಮತ್ತು ಒಳಾಂಗಣದ ಉಷ್ಣತೆ ಒಂದೇ ಆಗಿರತಕ್ಕದ್ದು. ಸಂಜೆ ಬೇಗ ದೀಪ ಆರಿಸುತ್ತೇವೆಂಬ ಭರವಸೆಯು ಉಳಿತಾಯವೆಂದು ಪರಿಗಣಿತವಾಗುವುದಿಲ್ಲ. ದೀಪಗಳ ವಿಷಯದಲ್ಲಿ 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಕಚೇರಿಗೆ ಚದರ ಮೀಟರಿಗೆ 10.8 ವ್ಯಾಟ್ ಮಿತಿಯನ್ನು ಇರಿಸಿತ್ತು. ಸಂಹಿತೆ ನಂತರ ಪರಿಷ್ಕೃತಗೊಂಡಿರುವುದರಿಂದ ಯಾವ ವರ್ಷದ ಆವೃತ್ತಿಯೊಂದಿಗೆ ಹೋಲಿಸಲಾಗಿದೆ ಎಂದು ಟಿಪ್ಪಣಿಯಲ್ಲಿ ನಮೂದಿಸುವುದು ಅವಶ್ಯ. ಬೆಂಗಳೂರಿನ ಹವಾಮಾನ ದತ್ತಾಂಶವನ್ನು ಬಳಸಿದ್ದಲ್ಲಿ ಅದನ್ನೂ ತಿಳಿಸಬೇಕು.

ಸಾಮಗ್ರಿ ಅಂಕಗಳು

ಸ್ಥಳೀಯ ಸಾಮಗ್ರಿಯನ್ನು ಬೆಲೆಯ ಆಧಾರದ ಮೇಲೆ ಎಣಿಸಲಾಗುತ್ತದೆ. ಕನಕಪುರ ಅಥವಾ ಮಾಗಡಿ ಭಾಗದ ಗ್ರಾನೈಟ್ ನೆಲಹಾಸಿಗೆ ಈ ಅಂಕ ಸುಲಭ; ಕಲ್ಲು ಬೇರೆಡೆ ಹೊಳಪಿಗೆ ಹೋಗಿ ಬಂದಿದ್ದರೆ ಗಣಿ ಮತ್ತು ಕಾರ್ಖಾನೆ ಎರಡರ ಸ್ಥಳವನ್ನೂ ಬರೆಯಬೇಕು. ಚನ್ನಪಟ್ಟಣದ ಅರಗಿನ ಬಣ್ಣದ ಮರಗೆಲಸವನ್ನು ಸ್ವಾಗತ ಕೊಠಡಿಯಲ್ಲಿ ಅಳವಡಿಸುವುದು ಶೋಭೆಯೇ ಸರಿ, ಆದರೆ ಒಟ್ಟು ಬೆಲೆಯಲ್ಲಿ ಅದರ ಪಾಲು ಅತ್ಯಲ್ಪ.

ಹಾರುಬೂದಿ ಇಟ್ಟಿಗೆಯಲ್ಲಿ ಎಚ್ಚರ ವಹಿಸಬೇಕು. ಇಟ್ಟಿಗೆ ಪಕ್ಕದ ಊರಿನದೇ ಇರಬಹುದು. ಬೂದಿಯು ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಬಂದಿದ್ದರೆ ಅದು ನೇರ ಅಂತರದಲ್ಲಿಯೇ ರಾಮನಗರದಿಂದ ಸುಮಾರು 400 ಕಿ.ಮೀ. ದೂರದ್ದು. ಆಯ್ದ ಪದ್ಧತಿಯು ದೂರವನ್ನು ಎಲ್ಲಿಂದ ಅಳೆಯುತ್ತದೆ ಎಂದು ಮೊದಲೇ ನೋಡಿಕೊಳ್ಳುವುದು. ಮರುಬಳಕೆಯ ಅಂಶಕ್ಕಾಗಿ ಲೀಡ್ ಪದ್ಧತಿಯು ಕೈಗಾರಿಕಾ ತ್ಯಾಜ್ಯದ ತೂಕದಲ್ಲಿ ಅರ್ಧವನ್ನು ಮಾತ್ರ ಪರಿಗಣಿಸುತ್ತದೆ. 8 ಲಕ್ಷ ರೂಪಾಯಿಯ ಇಟ್ಟಿಗೆಯಲ್ಲಿ ತೂಕದ ಶೇ. 60 ಬೂದಿಯಿದ್ದರೆ ಕೋರಬಹುದಾದುದು 2.40 ಲಕ್ಷ ರೂಪಾಯಿ, 4.80 ಲಕ್ಷವಲ್ಲ. ತಯಾರಕರ ಪತ್ರದಲ್ಲಿ ಬೂದಿಯ ಪ್ರಮಾಣ ಮತ್ತು ಮೂಲ ಸ್ಥಳ ಎರಡೂ ಇರಬೇಕು. ಸರಬರಾಜು ಮುಗಿದು ಬಿಲ್ಲು ಪಾವತಿಯಾದ ನಂತರ ಇಂತಹ ಪತ್ರವನ್ನು ಪಡೆಯುವುದು ಕಷ್ಟವಾದುದರಿಂದ, ಖರೀದಿ ಆದೇಶದಲ್ಲಿಯೇ ಇದನ್ನು ಷರತ್ತಾಗಿ ಸೇರಿಸತಕ್ಕದ್ದು.