ಯಕೃತ್ತಿನ ಕಸಿ: ಅರ್ಹತೆಯಿಂದ ಆಜೀವ ಔಷಧದವರೆಗೆ

ಯಕೃತ್ತಿನ ಕಸಿ ಎಂದರೆ ನಮ್ಮ ಪತ್ರಿಕೆಗಳಿಗೆ ಗ್ರೀನ್ ಕಾರಿಡಾರ್‌ನಲ್ಲಿ ಓಡುವ ಆಂಬುಲೆನ್ಸ್, ಹಗಲಿರುಳಿನ ಶಸ್ತ್ರಚಿಕಿತ್ಸೆ, ಹೂಗುಚ್ಛ ಹಿಡಿದು ಮನೆಗೆ ಹೊರಟ ರೋಗಿ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಈ ಕ್ಷೇತ್ರದ ಚರಿತ್ರೆಯನ್ನೂ ಶಸ್ತ್ರವೈದ್ಯರ ಸಾಹಸಗಾಥೆಯಾಗಿಯೇ ಬರೆಯಲಾಗಿದೆ. ರೋಗಿಗಳನ್ನು ಕಸಿಗೆ ಮೊದಲೂ ಆಮೇಲೂ ನೋಡುವ ನನ್ನಂಥ ವೈದ್ಯರಿಗೆ ಅದು ಅರ್ಧ ಚರಿತ್ರೆ.

1963ರಲ್ಲಿ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮಾಡಿದ ಮೊದಲ ಕಸಿಯಲ್ಲಿ ಮಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ತೀರಿಕೊಂಡಿತು. 1967ರ ಹೊತ್ತಿಗೆ ಅವರ ಕೈಯಲ್ಲೇ ರೋಗಿಗಳು ವರ್ಷ ದಾಟಿ ಬದುಕತೊಡಗಿದರು. ಆದರೂ ಮುಂದಿನ ದಶಕದಲ್ಲಿ ಹೆಚ್ಚಿನವರು ವರ್ಷದೊಳಗೇ ಸಾಯುತ್ತಿದ್ದರು. ಕೈಚಳಕಕ್ಕೆ ಕೊರತೆ ಇರಲಿಲ್ಲ, ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಒಳ್ಳೆಯ ಔಷಧ ಇರಲಿಲ್ಲ. ಸೈಕ್ಲೋಸ್ಪೋರಿನ್ ಬಂದ ಮೇಲೆ, 1983ರಲ್ಲಿ, ಅಮೆರಿಕದ ತಜ್ಞರ ಸಭೆ ಯಕೃತ್ತಿನ ಕಸಿಯನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯ ನಂತರ ಇದು ಬೇರೂರಿತು.

ಅಲ್ಲಿಂದ ಮುಂದಿನ ದೊಡ್ಡ ಪ್ರಶ್ನೆ: ಯಾರಿಗೆ, ಯಾವಾಗ? ಸಿರೋಸಿಸ್ ಇದೆ ಎಂಬುದಷ್ಟೇ ಕಸಿಗೆ ಕಾರಣವಲ್ಲ. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಮಂಪರು ಶುರುವಾದರೆ ಯಕೃತ್ತು ಸೋತಿದೆ ಎಂದರ್ಥ. ಯಕೃತ್ತಿನ ಕ್ಯಾನ್ಸರ್‌ಗೆ 1996ರಲ್ಲಿ ಮಿಲಾನ್‌ನ ವೈದ್ಯರು ಗೆರೆ ಎಳೆದರು: 5 ಸೆಂ.ಮೀ. ಒಳಗಿನ ಒಂದು ಗಡ್ಡೆ, ಅಥವಾ ತಲಾ 3 ಸೆಂ.ಮೀ. ಮೀರದ ಮೂರರವರೆಗೆ. ಇಲಿಪಾಷಾಣದ ಪೇಸ್ಟ್ ತಿಂದು ಒಮ್ಮೆಲೇ ಯಕೃತ್ತು ಕೈಕೊಟ್ಟವರು ಇನ್ನೊಂದು ಬಗೆ. ದಕ್ಷಿಣ ಭಾರತದಲ್ಲಿ ಇವರು ಅಪರೂಪವಲ್ಲ, ಇವರ ವಿಷಯದಲ್ಲಿ ನಿರ್ಧಾರಕ್ಕೆ ದಿನಗಳಷ್ಟೇ ಇರುತ್ತವೆ.

ಸಿರೋಸಿಸ್ ರೋಗಿಗಳ ಸರದಿಗೆ 2002ರಲ್ಲಿ ಅಮೆರಿಕ ಮೆಲ್ಡ್ ಅಂಕವನ್ನು ತಂದಿತು. ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವಿಕೆಯ ಐ.ಎನ್.ಆರ್., ಕ್ರಿಯಾಟಿನಿನ್, ಈ ಮೂರರಿಂದ ಮುಂದಿನ ಮೂರು ತಿಂಗಳ ಸಾವಿನ ಅಪಾಯವನ್ನು ಅಳೆಯುವ ಲೆಕ್ಕ ಅದು. ಸುಮಾರು 15 ದಾಟಿದರೆ ಕಸಿಯಿಂದ ಲಾಭ ಹೆಚ್ಚು. ಕಾದಿದ್ದ ದಿನಗಳ ಬದಲು ಕಾಯಿಲೆಯ ತೀವ್ರತೆಯೇ ಸರದಿ ತೀರ್ಮಾನಿಸಿದ್ದು ನಮ್ಮ ತಲೆಮಾರು ಕಂಡ ಅತಿ ನ್ಯಾಯವಾದ ಸುಧಾರಣೆ. ಆದರೆ ಈಗ ಅಂಕವೇ ರೋಗಿ ಎಂಬಂತಾಗಿದೆ.

ಒಂದು ಉದಾಹರಣೆ ನೋಡೋಣ. 52 ವರ್ಷದ ರೈತ, ಹೊಟ್ಟೆ ತುಂಬ ನೀರು. ಬಿಲಿರುಬಿನ್ 4, ಐ.ಎನ್.ಆರ್. 1.8, ಕ್ರಿಯಾಟಿನಿನ್ 1. ಅಂಕ 18. ಅದೇ ದಿನದ ಸೋಡಿಯಂ 125. ಅದನ್ನೂ ಸೇರಿಸುವ ಪರಿಷ್ಕೃತ ಲೆಕ್ಕದಲ್ಲಿ ಅಂಕ 27. ಮೈಯಲ್ಲಿ ಮಾಂಸ ಕರಗಿದವರಿಗೆ ಕ್ರಿಯಾಟಿನಿನ್ ಹೇಗೂ ಕಡಿಮೆಯೇ ಬರುತ್ತದೆ. ಆದ್ದರಿಂದ ಸೊರಗಿದವರ, ಅದರಲ್ಲೂ ಹೆಂಗಸರ, ಅಪಾಯ ಹಳೆಯ ಅಂಕದಲ್ಲಿ ಅಡಗಿಹೋಗುತ್ತಿತ್ತು. ಕುರ್ಚಿಯಿಂದ ಕೈಯೂರದೆ ಏಳಬಲ್ಲರೇ, ಹೃದಯ ತಡೆದೀತೇ, ಕುಡಿತ ನಿಂತಿದೆಯೇ, ಒಳಗೆಲ್ಲಾದರೂ ಸೋಂಕು ಇದೆಯೇ ಎಂಬುದನ್ನು ಯಾವ ಅಂಕವೂ ಹೇಳುವುದಿಲ್ಲ.

ಆ ರೈತನಿಗೆ ಕಸಿಯಾಯಿತು ಎನ್ನೋಣ. ಈಗ ಮುಖ್ಯ ಔಷಧ, ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ ಟ್ಯಾಕ್ರೋಲಿಮಸ್. ಬೆಳಗಿನ ಮಾತ್ರೆ ನುಂಗುವ ಮುನ್ನ ರಕ್ತ ಕೊಟ್ಟು ಅದರ ಮಟ್ಟ ನೋಡಬೇಕು. ಮೊದಲ ತಿಂಗಳುಗಳಲ್ಲಿ ಮಿಲಿಲೀಟರಿಗೆ 6ರಿಂದ 10 ನ್ಯಾನೋಗ್ರಾಂ, ವರ್ಷ ಕಳೆದ ಮೇಲೆ 5ರ ಆಸುಪಾಸು. ಹೆಚ್ಚಾದರೆ ಕೈನಡುಕ, ಸಕ್ಕರೆ ಕಾಯಿಲೆ, ಮೂತ್ರಪಿಂಡಕ್ಕೆ ಪೆಟ್ಟು. ಕಡಿಮೆಯಾದರೆ ತಿರಸ್ಕಾರ. ಎರಡನೆಯ ವರ್ಷ ಆತನಿಗೆ ಕ್ಷಯ ಬರುತ್ತದೆ. ಊರಿನಲ್ಲಿ ರಿಫಾಂಪಿಸಿನ್ ಇರುವ ಮಾತ್ರೆಗಳನ್ನು ಕೊಡುತ್ತಾರೆ. ಅದು ಕರುಳು ಮತ್ತು ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ಟ್ಯಾಕ್ರೋಲಿಮಸ್ ಬೇಗ ಕರಗುವಂತೆ ಮಾಡುತ್ತದೆ. ಎರಡು ವಾರದಲ್ಲಿ ಮಟ್ಟ 5ರಿಂದ 2ರ ಕೆಳಗೆ. ನೋವಿಲ್ಲ, ಕಾಮಾಲೆಯಿಲ್ಲ, ಎ.ಎಲ್.ಟಿ. ಮಾತ್ರ ಏರಿದೆ. ಕ್ಷಯದ ಔಷಧಗಳೂ ಅದನ್ನು ಏರಿಸಬಲ್ಲವು. ಔಷಧದ ಹಾನಿಯೋ ತಿರಸ್ಕಾರವೋ ಎಂಬುದನ್ನು ಬಯಾಪ್ಸಿ ತೀರ್ಮಾನಿಸಬೇಕು. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್, ಚಕ್ಕೋತ ಹಣ್ಣು ಮಟ್ಟವನ್ನು ಮೇಲಕ್ಕೆ ಒಯ್ಯುತ್ತವೆ. ಪ್ರತಿರೋಧ ಶಕ್ತಿ ಹೆಚ್ಚಿಸಲೆಂದು ಕುಡಿಯುವ ಅಮೃತಬಳ್ಳಿಯ ಕಷಾಯವೂ ಇವರಿಗೆ ಬೇಡ.

ಮಾತ್ರೆ ಪೂರ್ತಿ ಬಿಡಬಹುದೇ? ಆಯ್ದ ಕೆಲವರಲ್ಲಿ, ಮುಖ್ಯವಾಗಿ ತಂದೆ ಅಥವಾ ತಾಯಿಯಿಂದ ಅಂಗ ಪಡೆದ ಮಕ್ಕಳಲ್ಲಿ, ಬಿಗಿ ನಿಗಾದಡಿ ಸಾಧ್ಯವಾಗಿದೆ. ಅಂಥವರನ್ನು ಮುಂಚೆಯೇ ಗುರುತಿಸುವ ನಂಬಲರ್ಹ ಪರೀಕ್ಷೆ ಇನ್ನೂ ಇಲ್ಲ. ಹಾಗಾಗಿ ಉಳಿದವರಿಗೆಲ್ಲ ಇದು ಆಜೀವ ಔಷಧ.

ಕಸಿಯ ಲೆಕ್ಕ ಹೇಳುವವರು ಎಷ್ಟು ಶಸ್ತ್ರಚಿಕಿತ್ಸೆ ಆಯಿತೆಂದು ಹೇಳುತ್ತಾರೆ, ಹತ್ತು ವರ್ಷದ ಮೇಲೆ ಎಷ್ಟು ಜನರ ಮೂತ್ರಪಿಂಡ ಸರಿಯಿದೆ ಎಂಬ ಮಾತು ಅಪರೂಪ. ರೋಗಿಯ ಅರ್ಹತೆ ನಿರ್ಧರಿಸುವ ಸಭೆಯಲ್ಲಿ ಎಕೋ, ಸಿ.ಟಿ. ವರದಿಗಳ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಬರೆದಿರಬೇಕು: ಆತನ ಊರಿಗೆ ಹತ್ತಿರದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡುವ ಪ್ರಯೋಗಾಲಯ ಎಲ್ಲಿದೆ, ಐದನೆಯ ವರ್ಷದ ಮಾತ್ರೆಗೆ ದುಡ್ಡು ಯಾರು ಕೊಡುತ್ತಾರೆ? ಉತ್ತರವಿಲ್ಲದಿದ್ದರೆ ಅನರ್ಹವಾಗಿರುವುದು ರೋಗಿಯಲ್ಲ, ನಮ್ಮ ಏರ್ಪಾಡು.